ಹೊಸ ಲಿಸ್ಟಿಂಗ್ ಷೇರುಗಳು ಮತ್ತು ಮೊದಲ ವಾರದ ಗೆರೆಗಳು

ಷೇರುಪೇಟೆಗೆ ಹೊಸದಾಗಿ ಬಂದ ಕಂಪನಿಯ ಷೇರಿಗೆ ಹಿಂದಿನ ಬೆಲೆಗಳ ದಾಖಲೆ ಇರುವುದಿಲ್ಲ. ಇಂಥ ಷೇರಿನ ಚಾರ್ಟಿನಲ್ಲಿ ವಹಿವಾಟಿನ ಮೊದಲ ವಾರದ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನೇ ಎರಡು ಗೆರೆಗಳಾಗಿ ಎಳೆದುಕೊಂಡು, ಮುಂದಿನ ಖರೀದಿ, ಮಾರಾಟ, ನಷ್ಟದ ಮಿತಿಗಳನ್ನು ಅವುಗಳಿಂದ ನಿರ್ಧರಿಸುವ ಪದ್ಧತಿ ವಹಿವಾಟುದಾರರಲ್ಲಿದೆ. ಮೇಲಿನ ಗೆರೆಯನ್ನು ದಾಟಿ ದಿನದ ವಹಿವಾಟು ಮುಗಿದರೆ ಷೇರಿನಲ್ಲಿ ಬಲವಿದೆ ಎಂದೂ, ಕೆಳಗಿನ ಗೆರೆಯ ಕೆಳಗೆ ಮುಗಿದರೆ ಮೊದಲ ವಾರ ಕೊಂಡವರೆಲ್ಲ ನಷ್ಟದಲ್ಲಿದ್ದಾರೆ ಎಂದೂ ಓದುತ್ತಾರೆ. ಎರಡರ ನಡುವೆ ಬೆಲೆ ಓಡಾಡುತ್ತಿರುವವರೆಗೆ ಚಾರ್ಟ್ ಏನನ್ನೂ ಹೇಳುತ್ತಿಲ್ಲ ಎಂದೇ ಅರ್ಥ.

ಪದ್ಧತಿ ಇಷ್ಟು ಸರಳವಾದ್ದರಿಂದಲೇ ಅದರ ದುರ್ಬಳಕೆಯೂ ಹೆಚ್ಚು. ಈ ಗೆರೆಗಳಿಗೆ ಬೆಲೆ ಬರುವುದು ಆ ವಾರದಲ್ಲಿ ಷೇರು ನಿಜವಾಗಿ ಕೈಯಿಂದ ಕೈಗೆ ದಾಟಿದ್ದರೆ ಮಾತ್ರ. ದಾಟದೇ ಇದ್ದರೆ ಅವು ಬರಿಯ ಅಂಕಿಗಳು. ಎಲ್‌ಐಸಿ ಮತ್ತು ಓಲಾ ಎಲೆಕ್ಟ್ರಿಕ್ ಷೇರುಗಳ ಮೊದಲ ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಇತಿಹಾಸವಿಲ್ಲದ ಚಾರ್ಟಿನ ತೊಡಕು

ಹಳೆಯ ಷೇರಿನ ಚಾರ್ಟ್ ನೋಡುವವನಿಗೆ ಹಿಡಿದುಕೊಳ್ಳಲು ಹಲವು ಆಧಾರಗಳಿರುತ್ತವೆ. ಕಳೆದ ವರ್ಷ ಬೆಲೆ ಎಲ್ಲಿ ತಡೆದು ನಿಂತಿತು, ಯಾವ ಮಟ್ಟಕ್ಕೆ ಇಳಿದಾಗ ಕೊಳ್ಳುವವರು ಬಂದರು, 52 ವಾರಗಳ ಗರಿಷ್ಠ ಎಷ್ಟು ಎಂಬುದೆಲ್ಲ ಕಣ್ಣೆದುರಿಗೇ ಇರುತ್ತದೆ. ಹೊಸ ಷೇರಿಗೆ ಇವು ಯಾವುವೂ ಇಲ್ಲ. 200 ದಿನಗಳ ಸರಾಸರಿ ಬೆಲೆ ಸಿಗಬೇಕಾದರೆ 200 ವಹಿವಾಟಿನ ದಿನಗಳು, ಅಂದರೆ ಹತ್ತು ತಿಂಗಳಷ್ಟು ಕಾಯಬೇಕು. ದಿನಕ್ಕೆ ಸರಾಸರಿ ಎಷ್ಟು ಏರಿಳಿಯುತ್ತದೆ ಎಂದು ಅಳೆಯುವ ಸಾಮಾನ್ಯ ಲೆಕ್ಕಕ್ಕೂ 14 ದಿನಗಳ ದಾಖಲೆ ಬೇಕು. ಅದರಲ್ಲಿ ಮೊದಲ ದಿನದ ಅತಿರೇಕ ಸೇರಿಕೊಂಡಿದ್ದರೆ ಮೊದಲ ಮೂರು ವಾರ ಆ ಲೆಕ್ಕವೂ ನಂಬಿಕೆಗೆ ತಕ್ಕದ್ದಲ್ಲ.

ಐಪಿಒ ಬೆಲೆ ಇದೆಯಲ್ಲ ಎಂದು ಕೇಳಬಹುದು. ಅದು ಪೇಟೆಯಲ್ಲಿ ಹುಟ್ಟಿದ ಬೆಲೆಯಲ್ಲ. ಕಂಪನಿ ಮತ್ತು ಅದರ ಮರ್ಚೆಂಟ್ ಬ್ಯಾಂಕರುಗಳು ಕೂತು ಬೆಲೆಯ ವ್ಯಾಪ್ತಿ ಗೊತ್ತುಮಾಡಿ, ಬಂದ ಅರ್ಜಿಗಳನ್ನು ನೋಡಿ ನಿಗದಿ ಮಾಡಿದ್ದು ಅದು. ಅದಕ್ಕೆ ಒಂದು ಮಹತ್ವವಿದೆ, ಷೇರು ಹಂಚಿಕೆಯಾದವರ ಮನಸ್ಸಿನಲ್ಲಿ ಲಾಭ ನಷ್ಟದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಪೇಟೆಯ ಮೊದಲ ನಿಜವಾದ ಬೆಲೆ ಲಿಸ್ಟಿಂಗ್ ದಿನದ ಬೆಳಿಗ್ಗೆ ಹುಟ್ಟುತ್ತದೆ. ಭಾರತದಲ್ಲಿ ಆ ದಿನ 9ರಿಂದ 10 ಗಂಟೆಯವರೆಗೆ ವಿಶೇಷ ಪ್ರೀ-ಓಪನ್ ಅವಧಿ ಇರುತ್ತದೆ. ಆಗ ಕೊಳ್ಳುವ ಮತ್ತು ಮಾರುವ ಆರ್ಡರುಗಳನ್ನೆಲ್ಲ ಒಟ್ಟುಗೂಡಿಸಿ, ಅತಿ ಹೆಚ್ಚು ಷೇರುಗಳು ಯಾವ ಬೆಲೆಯಲ್ಲಿ ಕೈಬದಲಾಗುತ್ತವೋ ಆ ಬೆಲೆಯನ್ನು ಆರಂಭದ ಬೆಲೆಯಾಗಿ ಹಿಡಿಯುತ್ತಾರೆ. 10 ಗಂಟೆಯ ಮೇಲೆ ಎಂದಿನ ವಹಿವಾಟು ನಡೆಯುತ್ತದೆ.

ಮೊದಲ ವಾರವೇ ಏಕೆ

ಇದಕ್ಕೆ ಉತ್ತರ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿದೆ. 2021ರ ಏಪ್ರಿಲಿನಿಂದ 2023ರ ಡಿಸೆಂಬರ್‌ವರೆಗೆ ಬಂದ 144 ಐಪಿಒಗಳನ್ನು ಅದು ಪರಿಶೀಲಿಸಿತು. ಆ್ಯಂಕರ್ ಹೂಡಿಕೆದಾರರನ್ನು ಬಿಟ್ಟು ಉಳಿದವರಿಗೆ ಹಂಚಿಕೆಯಾದ ಷೇರುಗಳಲ್ಲಿ, ಮೌಲ್ಯದ ಲೆಕ್ಕದಲ್ಲಿ, ಸುಮಾರು ಶೇ 54ರಷ್ಟು ಲಿಸ್ಟಿಂಗ್ ಆದ ಒಂದು ವಾರದೊಳಗೆ ಮಾರಾಟವಾಗಿದ್ದವು. ಸಾಮಾನ್ಯ ಹೂಡಿಕೆದಾರರೂ ತಮ್ಮ ಪಾಲಿನ ಅರ್ಧದಷ್ಟನ್ನು ಅದೇ ವಾರದಲ್ಲಿ ಮಾರಿದ್ದರು. ಮ್ಯೂಚುವಲ್ ಫಂಡ್‌ಗಳು ಮಾರಿದ್ದು ಶೇ 3ಕ್ಕಿಂತ ಸ್ವಲ್ಪ ಹೆಚ್ಚು, ಬ್ಯಾಂಕುಗಳು ಮಾರಿದ್ದು ಸುಮಾರು ಶೇ 80.

ಒಂದೇ ವಾರದಲ್ಲಿ ಅರ್ಧಕ್ಕೂ ಹೆಚ್ಚು ಮಾಲು ಹೊಸಬರ ಕೈಗೆ ಹೋಗುವುದು ಷೇರಿನ ಜೀವನದಲ್ಲಿ ಮತ್ತೆ ಅಷ್ಟು ಸುಲಭವಾಗಿ ನಡೆಯುವ ಸಂಗತಿಯಲ್ಲ. ಆ ಐದಾರು ದಿನಗಳಲ್ಲಿ ಅರ್ಜಿ ಹಾಕಿ ಪಡೆದವರು ಹೊರಡುತ್ತಾರೆ, ಪೇಟೆಯಲ್ಲಿ ದುಡ್ಡು ಕೊಟ್ಟು ಕೊಂಡವರು ಬಂದು ಕೂರುತ್ತಾರೆ. ಈ ಹೊಸ ಒಡೆಯರ ಖರೀದಿ ಬೆಲೆಗಳೆಲ್ಲ ವಾರದ ಗರಿಷ್ಠ ಮತ್ತು ಕನಿಷ್ಠದ ನಡುವೆಯೇ ಇರಬೇಕು, ಬೇರೆಲ್ಲೂ ಇರಲು ಸಾಧ್ಯವಿಲ್ಲ. ಮುಂದೆ ಬೆಲೆ ಆ ಗರಿಷ್ಠದ ಮೇಲೆ ಹೋದರೆ ಮೊದಲ ವಾರ ಕೊಂಡ ಯಾರೂ ನಷ್ಟದಲ್ಲಿರುವುದಿಲ್ಲ. ‘ನನ್ನ ಅಸಲು ಬಂದರೆ ಸಾಕು, ಮಾರಿಬಿಡುತ್ತೇನೆ’ ಎಂದು ಕಾದಿರುವವರ ಒತ್ತಡ ಅಲ್ಲಿಗೆ ಮುಗಿಯುತ್ತದೆ. ಕನಿಷ್ಠದ ಕೆಳಗೆ ಹೋದರೆ ಅದೇ ಜನ ಒಬ್ಬರೂ ಬಿಡದಂತೆ ನಷ್ಟದಲ್ಲಿದ್ದಾರೆ, ಬೆಲೆ ಪ್ರತಿ ಸಲ ಮೇಲೆದ್ದಾಗಲೂ ಯಾರಾದರೂ ಮಾರಲು ಸಿದ್ಧರಿರುತ್ತಾರೆ. ಗೆರೆಗಳ ಹಿಂದಿನ ತರ್ಕ ಇಷ್ಟೇ, ಇದರಲ್ಲಿ ಗ್ರಹಗತಿ ಏನೂ ಇಲ್ಲ.

ಆಲೋಚನೆ ಹಳೆಯದು. ದಿನದ ಆರಂಭದ ವಹಿವಾಟಿನ ವ್ಯಾಪ್ತಿಯನ್ನು ಗುರುತಿಸಿಕೊಂಡು, ಅದು ಒಡೆದ ದಿಕ್ಕಿನಲ್ಲಿ ಹೋಗುವ ಪದ್ಧತಿಯ ಬಗ್ಗೆ ಅಮೆರಿಕದ ಟೋಬಿ ಕ್ರೇಬೆಲ್ 1990ರಲ್ಲಿ ಪುಸ್ತಕವನ್ನೇ ಬರೆದರು. ಮೊದಲ ವಾರದ ಗೆರೆಗಳನ್ನು ಅದೇ ಪದ್ಧತಿಯ ಹಿಗ್ಗಿಸಿದ ರೂಪ ಎನ್ನಬಹುದು. ಹೊಸ ಷೇರು ಲಿಸ್ಟ್ ಆದ ಮೇಲೆ ಕೆಲವು ವಾರ ಒಂದು ಕಿರಿದಾದ ಪಟ್ಟಿಯಲ್ಲಿ ನಿಲ್ಲುವುದನ್ನು ಕಾದು, ಅದರ ಮೇಲಂಚು ದಾಟಿದಾಗ ಕೊಳ್ಳಬೇಕೆಂದು ವಿಲಿಯಂ ಓನೀಲ್ ಅವರ ಪಂಥದವರು ಹೇಳುತ್ತಾರೆ. ಅವರು ವಾರವನ್ನು ಲೆಕ್ಕಿಸುವುದಿಲ್ಲ, ಆಕಾರವನ್ನು ನೋಡುತ್ತಾರೆ. ನನ್ನ ಮಟ್ಟಿಗೆ ಅದು ಹೆಚ್ಚು ಜಾಣತನದ ದಾರಿ. ಆದರೆ ಆಕಾರ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ರೀತಿ ಕಾಣುತ್ತದೆ, ವಾರದ ಗೆರೆ ಯಾರು ಎಳೆದರೂ ಒಂದೇ.

ವಾರ ಎಂದರೆ ಎಷ್ಟು ದಿನ

ಹಾಗೆಂದು ಹೇಳಿದ ಮೇಲೆ ಒಂದು ತಿದ್ದುಪಡಿ ಬೇಕು. ‘ಮೊದಲ ವಾರ’ ಎಂಬ ಮಾತೇ ಎರಡು ಅರ್ಥ ಕೊಡುತ್ತದೆ. ವಾರದ ಚಾರ್ಟ್ ತೆರೆದರೆ ಕಾಣುವ ಮೊದಲ ಕ್ಯಾಂಡಲ್ ಸೋಮವಾರದಿಂದ ಶುಕ್ರವಾರದ ಲೆಕ್ಕದ್ದು. ಜೊಮಾಟೊ 2021ರ ಜುಲೈ 23ರಂದು ಲಿಸ್ಟ್ ಆಯಿತು, ಅಂದು ಶುಕ್ರವಾರ. ಹಾಗಾಗಿ ಅದರ ಮೊದಲ ವಾರದ ಕ್ಯಾಂಡಲ್‌ನಲ್ಲಿರುವುದು ಒಂದೇ ದಿನದ ವಹಿವಾಟು. ಪೇಟಿಎಂನ ಮಾತೃಸಂಸ್ಥೆ ಅದೇ ವರ್ಷ ನವೆಂಬರ್ 18ರ ಗುರುವಾರ ಬಂತು, ಮರುದಿನ ಗುರುನಾನಕ್ ಜಯಂತಿಯ ರಜೆ. ಅಲ್ಲಿಯೂ ಒಂದೇ ದಿನ. ಆ ಒಂದು ದಿನ ಬೆಲೆ ಸುಮಾರು 1,955ರಿಂದ 1,560ಕ್ಕೆ ಕುಸಿದಿತ್ತು, ಸೋಮವಾರ ಮತ್ತೆ ಜಾರಿ 1,271 ಮುಟ್ಟಿತು. ವಾರದ ಚಾರ್ಟ್ ನಂಬಿದವನ ಕೆಳಗಿನ ಗೆರೆ 1,560ರಲ್ಲಿ, ಐದು ದಿನ ಎಣಿಸಿದವನದು 1,271ರಲ್ಲಿ. ಒಂದೇ ಷೇರು, ಒಂದೇ ಪದ್ಧತಿಯ ಹೆಸರು, ನಡುವೆ ಸುಮಾರು 290 ರೂಪಾಯಿ ಅಂತರ.

ಕೈಬದಲಾವಣೆಯ ತರ್ಕವನ್ನು ಒಪ್ಪುವುದಾದರೆ ಐದು ಪೂರ್ಣ ವಹಿವಾಟಿನ ದಿನಗಳನ್ನು ಎಣಿಸುವುದೇ ಸರಿ. ಕ್ಯಾಲೆಂಡರ್ ವಾರ ನೋಡಲು ಅನುಕೂಲ, ಅಷ್ಟೆ. ಯಾವುದನ್ನೇ ಹಿಡಿಯಲಿ, ಲಿಸ್ಟಿಂಗ್‌ಗೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಬೆಲೆ ಚಲಿಸಿದ ಮೇಲೆ ಆರಿಸಿಕೊಂಡರೆ ಮನಸ್ಸು ತನಗೆ ಬೇಕಾದ ಗೆರೆಯನ್ನೇ ಆರಿಸುತ್ತದೆ. ಯಾವ ವಿನಿಮಯ ಕೇಂದ್ರದ ಬೆಲೆ ಎಂಬುದನ್ನೂ ಹಾಗೆಯೇ ಗೊತ್ತುಮಾಡಿಕೊಳ್ಳಬೇಕು. ಎನ್‌ಎಸ್‌ಇ ಮತ್ತು ಬಿಎಸ್‌ಇಗಳಲ್ಲಿ ಮೊದಲ ದಿನದ ಆರಂಭ ಬೆಲೆ ಬೇರೆಬೇರೆ ಇರುವುದೇ ಹೆಚ್ಚು. ವಹಿವಾಟು ಹೆಚ್ಚು ನಡೆಯುವ ಎನ್‌ಎಸ್‌ಇಯನ್ನು ಹಿಡಿಯುವುದು ರೂಢಿ.

ಎಲ್‌ಐಸಿ: ಒಂದು ಉದಾಹರಣೆ

ಭಾರತೀಯ ಜೀವ ವಿಮಾ ನಿಗಮದ ಐಪಿಒ 2022ರ ಮೇ 4ರಿಂದ 9ರವರೆಗೆ ತೆರೆದಿತ್ತು. ಬೆಲೆ 949 ರೂಪಾಯಿ. ಸಾಮಾನ್ಯ ಹೂಡಿಕೆದಾರರಿಗೆ 45 ರೂಪಾಯಿ ರಿಯಾಯಿತಿ ಇದ್ದುದರಿಂದ ಅವರಿಗೆ ಬಿದ್ದದ್ದು 904. ಪಾಲಿಸಿದಾರರಿಗೆ 60 ರೂಪಾಯಿ ಕಡಿತ, ಅಂದರೆ 889. ಒಂದು ಲಾಟ್‌ಗೆ 15 ಷೇರು. ಅದುವರೆಗೆ ಡಿಮ್ಯಾಟ್ ಖಾತೆಯನ್ನೇ ಕಾಣದ ಎಷ್ಟೋ ಮನೆಗಳು ಪಾಲಿಸಿಯ ನೆಪದಲ್ಲಿ ಮೊದಲ ಬಾರಿಗೆ ಖಾತೆ ತೆರೆದು ಅರ್ಜಿ ಹಾಕಿದ್ದವು.

ಮೇ 17ರ ಮಂಗಳವಾರ ಷೇರು ಎನ್‌ಎಸ್‌ಇಯಲ್ಲಿ 872ಕ್ಕೆ, ಬಿಎಸ್‌ಇಯಲ್ಲಿ 867.20ಕ್ಕೆ ತೆರೆಯಿತು. ಅಂದೇ 920ರ ಆಸುಪಾಸಿಗೆ ಏರಿ, ಕೊನೆಗೆ 875ರ ಹತ್ತಿರ ನಿಂತಿತು. ಬುಧವಾರ ಹೆಚ್ಚು ಬದಲಾವಣೆ ಇಲ್ಲ. ಗುರುವಾರ, ಶುಕ್ರವಾರ ಇಳಿಮುಖವಾಗಿ ವಾರ 825ರ ಸುತ್ತಮುತ್ತ ಮುಗಿಯಿತು. ಕ್ಯಾಲೆಂಡರ್ ವಾರ ಹಿಡಿದರೆ ಮೇಲಿನ ಗೆರೆ 920, ಕೆಳಗಿನದು 825, ಅಂತರ 95 ರೂಪಾಯಿ. ನಡುಮಧ್ಯದ ಬೆಲೆ 872 ಮತ್ತು ಚಿಲ್ಲರೆ, ಲಿಸ್ಟಿಂಗ್ ಬೆಲೆಯೂ ಅದೇ. ಇದು ಕಾಕತಾಳೀಯವಾಗಿರಬಹುದು, ಆದರೆ ಬೆಳಗಿನ ಪ್ರೀ-ಓಪನ್‌ನಲ್ಲಿ ಹುಟ್ಟಿದ ಬೆಲೆ ಮನಬಂದಂತೆ ಇಟ್ಟದ್ದಲ್ಲ ಎಂಬುದನ್ನೂ ತೋರಿಸುತ್ತದೆ.

ಈ ಗೆರೆಗಳು ನಿಜವಾದವು ಎನ್ನಲು ಮೂರು ಕಾರಣಗಳಿದ್ದವು. ಐಪಿಒ ಸುಮಾರು 20,500 ಕೋಟಿ ರೂಪಾಯಿಯದು, ಹಾಗಾಗಿ ಕೈಬದಲಾಗಲು ಮಾಲು ಧಾರಾಳವಾಗಿತ್ತು. ಯಾವ ದಿನವೂ ಬೆಲೆ ಸರ್ಕ್ಯೂಟ್ ಮಿತಿಗೆ ಬಡಿದು ವಹಿವಾಟು ಕಟ್ಟಿಹಾಕಿದಂತಾಗಲಿಲ್ಲ. ಅಂತರವೂ ಶೇ 11ರಷ್ಟೇ, ಅದನ್ನು ಇಟ್ಟುಕೊಂಡು ನಷ್ಟದ ಲೆಕ್ಕ ಹಾಕಬಹುದಿತ್ತು.

ಲೆಕ್ಕ ಹೀಗೆ. ಒಬ್ಬನು ಒಂದು ವಹಿವಾಟಿನಲ್ಲಿ 5,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಲು ಸಿದ್ಧನಿಲ್ಲ ಎನ್ನೋಣ. ಬೆಲೆ 920ರ ಮೇಲೆ ಮುಗಿದರೆ ಕೊಳ್ಳುವುದು, 825ರ ಕೆಳಗೆ ಮುಗಿದರೆ ಮಾರುವುದು ಅವನ ನಿಯಮ. ಪ್ರತಿ ಷೇರಿಗೆ ಅಪಾಯ 95 ರೂಪಾಯಿ ಆದ್ದರಿಂದ 5,000ವನ್ನು 95ರಿಂದ ಭಾಗಿಸಿ ಸುಮಾರು 52 ಷೇರು ಕೊಳ್ಳಬಹುದು. ಕೊಳ್ಳುವ ಪ್ರಮಾಣವನ್ನು ಆಸೆ ನಿರ್ಧರಿಸಬಾರದು, ಗೆರೆಗಳ ನಡುವಿನ ಅಂತರ ನಿರ್ಧರಿಸಬೇಕು ಎಂಬುದೇ ಇಲ್ಲಿಯ ಮುಖ್ಯ ಸೂತ್ರ.

ಆದರೆ ಅವನು ಕೊಳ್ಳುವ ಸಂದರ್ಭವೇ ಬರಲಿಲ್ಲ. ಮರುವಾರದ ಆರಂಭದಲ್ಲಿಯೇ ಬೆಲೆ 825ರ ಕೆಳಗೆ ಇಳಿಯಿತು. ಐದು ದಿನಗಳ ಲೆಕ್ಕ ಹಿಡಿದವರಿಗೆ ಆ ಸೋಮವಾರವೂ ಮೊದಲ ವಾರಕ್ಕೆ ಸೇರುತ್ತದೆ, ಅವರ ಕೆಳಗಿನ ಗೆರೆ ಇನ್ನಷ್ಟು ಕೆಳಗೆ ಹೋಗುತ್ತದೆ. ಅವರಿಗೆ ಸ್ಪಷ್ಟ ಸೂಚನೆ ಸಿಕ್ಕಿದ್ದು ಜೂನ್ 6ರಂದು, ಷೇರು 800ರ ಕೆಳಗೆ ಮುಗಿದಾಗ. ಎರಡು ವಾರ ತಡ, ಆದರೆ ಹೇಳಿದ ಮಾತು ಒಂದೇ. ಜೂನ್ 13ಕ್ಕೆ ಆ್ಯಂಕರ್ ಹೂಡಿಕೆದಾರರ ಮೂವತ್ತು ದಿನಗಳ ಲಾಕ್‌ಇನ್ ಮುಗಿದು ಅವರ ಅರ್ಧ ಷೇರುಗಳು ಮಾರಾಟಕ್ಕೆ ಮುಕ್ತವಾದವು. ಆ ದಿನ ಬೆಲೆ ಶೇ 6ರ ಹತ್ತಿರ ಕುಸಿದು 668ಕ್ಕೆ ಬಂತು. 2023ರ ಮಾರ್ಚ್ ಕೊನೆಗೆ 530 ಮುಟ್ಟಿತು.

904 ರೂಪಾಯಿಗೆ ಒಂದು ಲಾಟ್ ಪಡೆದವನು 815ಕ್ಕೆ ಮಾರಿದ್ದರೆ ನಷ್ಟ 1,335 ರೂಪಾಯಿ. 530ರಲ್ಲಿ ಮನಸ್ಸು ಸೋತು ಮಾರಿದ್ದರೆ 5,610. ಮಾರದೆ ಇಟ್ಟುಕೊಂಡವನ ಕಥೆ ಬೇರೆಯಾಯಿತು, ಅದನ್ನು ಕೊನೆಗೆ ಹೇಳುತ್ತೇನೆ. ಇಲ್ಲಿ ಗಮನಿಸಬೇಕಾದದ್ದು, ಕೆಳಗಿನ ಗೆರೆ ಒಡೆದದ್ದು ಕೈಯಲ್ಲಿ ಷೇರು ಇದ್ದವರಿಗೆ ಮಾತ್ರ ಉಪಯೋಗಕ್ಕೆ ಬಂತು. ಇಳಿಕೆಯಿಂದ ಲಾಭ ಮಾಡಲು ಹೊಸ ಷೇರಿನಲ್ಲಿ ಹೆಚ್ಚು ದಾರಿಯಿಲ್ಲ. ಫ್ಯೂಚರ್ಸ್ ವಿಭಾಗಕ್ಕೆ ಸೇರಲು ಹಿಂದಿನ ಆರು ತಿಂಗಳ ವಹಿವಾಟಿನ ದಾಖಲೆ ಬೇಕು. ಎಲ್‌ಐಸಿ ಆ ವಿಭಾಗಕ್ಕೆ ಬಂದದ್ದು 2024ರ ನವೆಂಬರಿನಲ್ಲಿ.

ಓಲಾ ಎಲೆಕ್ಟ್ರಿಕ್: ಗೆರೆ ಸುಳ್ಳಾದ ಬಗೆ

ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2024ರ ಆಗಸ್ಟ್ 9ರಂದು ಲಿಸ್ಟ್ ಆಯಿತು. ಐಪಿಒ ಬೆಲೆ 76, ಎನ್‌ಎಸ್‌ಇಯಲ್ಲಿ ತೆರೆದದ್ದೂ 76ಕ್ಕೇ. ಅಂದು ಮುಗಿಯುವ ಹೊತ್ತಿಗೆ 91.20. ಇದು ಪೇಟೆ ತೂಗಿ ನೋಡಿ ನಿಲ್ಲಿಸಿದ ಬೆಲೆಯಲ್ಲ, 76ರ ಮೇಲೆ ಶೇ 20 ಕೂಡಿಸಿದರೆ ಬರುವ ಮಿತಿ. ಅಪ್ಪರ್ ಸರ್ಕ್ಯೂಟ್ ಬಿದ್ದ ಮೇಲೆ ಕೊಳ್ಳುವವರ ಸಾಲು ನಿಂತಿರುತ್ತದೆ, ಮಾರುವವರಿರುವುದಿಲ್ಲ. ಸೋಮವಾರ ಮತ್ತೆ ಶೇ 20, 109ರ ಮೇಲೆ. ನಡುವೆ ಎರಡು ದಿನ ನಿಂತು, ಸ್ವಾತಂತ್ರ್ಯ ದಿನದ ರಜೆ ಕಳೆದು 16ರಂದು ಇನ್ನೊಂದು ಶೇ 20 ಏರಿ 133ರ ಆಸುಪಾಸಿಗೆ ಬಂತು. ಐದು ದಿನಗಳ ಲೆಕ್ಕದಲ್ಲಿ ಕೆಳಗಿನ ಗೆರೆ 76, ಮೇಲಿನದು 133.

ಐದು ದಿನಗಳಲ್ಲಿ ಮೂರು ದಿನ ಬೆಲೆ ಮಿತಿಗೆ ಅಂಟಿಕೊಂಡಿತ್ತು. ಸೆಬಿ ಅಧ್ಯಯನ ಹೇಳುವ ಆ ದೊಡ್ಡ ಕೈಬದಲಾವಣೆ ನಡೆಯಬೇಕಾದ ವಾರದಲ್ಲಿ ಏರುತ್ತಿರುವ ಷೇರನ್ನು ಮಿತಿಯ ಬೆಲೆಗೆ ಬಿಡುವವರು ಸಾಕಷ್ಟಿರಲಿಲ್ಲ. ಆದ್ದರಿಂದ 133 ಎಂಬುದು ಪೇಟೆ ಪರೀಕ್ಷಿಸಿ ತಿರಸ್ಕರಿಸಿದ ಗರಿಷ್ಠವಲ್ಲ, ಶುಕ್ರವಾರ ಗಡಿಯಾರ ನಿಲ್ಲಿಸಿದ ಜಾಗ. ಮುಂದಿನ ವಾರ ಷೇರು ಅದನ್ನು ಸಲೀಸಾಗಿ ದಾಟಿತು. ನಿಯಮದಂತೆ ಕೊಂಡವನು 20ನೇ ತಾರೀಖಿಗೆ 157.40 ಕಂಡು ಸಂತೋಷಪಟ್ಟಿರಬೇಕು. ಅದೇ ಅದರ ಶಿಖರ. ಸೆಪ್ಟೆಂಬರಿನಲ್ಲಿ 110ರ ಕೆಳಗೆ, ಅಕ್ಟೋಬರ್ ಕೊನೆಗೆ 80ರ ಮಟ್ಟ. ಅವನ ಸ್ಟಾಪ್‌ಲಾಸ್ ಮಾತ್ರ ಇನ್ನೂ 76ರಲ್ಲಿ, ಕೊಂಡ ಬೆಲೆಗಿಂತ 57 ರೂಪಾಯಿ ಕೆಳಗೆ ಕೂತಿತ್ತು. ನವೆಂಬರಿನಲ್ಲಿ ಅದೂ ಒಡೆಯಿತು. ಅವನು ಮಾರಿ ಹೊರಬಂದ ಮೇಲೆ ಷೇರು ಡಿಸೆಂಬರಿನಲ್ಲಿ 95ರ ಮೇಲಕ್ಕೆ ಎದ್ದು, ಆಮೇಲೆ 2025ರಲ್ಲಿ ಮತ್ತೆ ಇನ್ನೂ ಕೆಳಗೆ ಹೋಯಿತು. ಮೇಲಿನ ಗೆರೆ ಒಮ್ಮೆ ಮೋಸ ಮಾಡಿತು, ಕೆಳಗಿನದು ಮೊದಲು ಮೋಸ ಮಾಡಿದಂತೆ ಕಂಡು ಕೊನೆಗೆ ನಿಜವಾಯಿತು. ಇಂಥ ಚಾರ್ಟಿನಲ್ಲಿ ನಿಯಮ ಪಾಲಿಸಿದವನಿಗೂ ಪಾಲಿಸದವನಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

ಇದನ್ನು ಮೊದಲೇ ಗುರುತಿಸಬಹುದಿತ್ತೇ? ಗುರುತಿಸಬಹುದಿತ್ತು. ಎಲ್‌ಐಸಿಯಲ್ಲಿ ಗೆರೆಗಳ ಅಂತರ ಕೆಳಗಿನ ಬೆಲೆಯ ಶೇ 11. ಓಲಾದಲ್ಲಿ ಶೇ 75. ಅಂತರ ಇಷ್ಟು ಅಗಲವಾದಾಗ ಕೆಳಗಿನ ಗೆರೆ ಸ್ಟಾಪ್‌ಲಾಸ್ ಆಗಿ ಕೆಲಸ ಮಾಡುವುದಿಲ್ಲ. ಅದೇ 5,000 ರೂಪಾಯಿ ನಿಯಮದಲ್ಲಿ 87 ಷೇರು ಕೊಳ್ಳಬಹುದು ಎಂದು ಲೆಕ್ಕವೇನೋ ಬರುತ್ತದೆ, ಆದರೆ ಹಾಕಿದ ದುಡ್ಡಿನ ಶೇ 40ಕ್ಕೂ ಹೆಚ್ಚು ಹೋಗುವವರೆಗೆ ‘ನನ್ನ ಲೆಕ್ಕ ಸರಿಯಿದೆ’ ಎಂದು ಕೂರಬೇಕಾಗುತ್ತದೆ. ಇಂಥ ಕಡೆ ಮೊದಲ ವಾರವನ್ನು ಬಿಟ್ಟು, ಸರ್ಕ್ಯೂಟ್ ಇಲ್ಲದೆ ಐದು ದಿನ ನಡೆದ ಮೊದಲ ಅವಧಿಗಾಗಿ ಕಾಯುವುದು ವಾಸಿ.

ಸಣ್ಣ ಐಪಿಒಗಳಲ್ಲಿ ಈ ತೊಂದರೆ ನಿಯಮದಿಂದಲೇ ಬರುತ್ತದೆ. 250 ಕೋಟಿ ರೂಪಾಯಿಯವರೆಗಿನ ಐಪಿಒ ಷೇರು ಮೊದಲ ಹತ್ತು ದಿನ ಟ್ರೇಡ್-ಟು-ಟ್ರೇಡ್ ವಿಭಾಗದಲ್ಲಿರುತ್ತದೆ. ಅಲ್ಲಿ ದಿನದ ಬೆಲೆ ಮಿತಿ ಶೇ 5, ಕೊಂಡ ಷೇರನ್ನು ಅದೇ ದಿನ ಮಾರುವ ಹಾಗಿಲ್ಲ. ಹತ್ತು ದಿನ ಕಳೆಯುವವರೆಗೆ ಬೆಲೆಗೆ ಕಾಲುಸಂಕೋಲೆ ಇದೆಯೆಂದೇ ತಿಳಿಯಬೇಕು. ಎಸ್‌ಎಂಇ ವಿಭಾಗದಲ್ಲಿ ಇನ್ನೊಂದು ಕಟ್ಟು: 2024ರ ಜುಲೈನಿಂದ ಎನ್‌ಎಸ್‌ಇಯಲ್ಲಿ ಲಿಸ್ಟಿಂಗ್ ಬೆಲೆ ಐಪಿಒ ಬೆಲೆಗಿಂತ ಶೇ 90ಕ್ಕಿಂತ ಹೆಚ್ಚು ಮೇಲೆ ಇರುವಂತಿಲ್ಲ. ಅಲ್ಲಿ ಆರಂಭದ ಬೆಲೆಯೇ ಕೆಲವೊಮ್ಮೆ ಪೇಟೆಯದ್ದಾಗಿರುವುದಿಲ್ಲ. ಕಂಪನಿ ವಿಭಜನೆಯಿಂದ ಹುಟ್ಟಿದ ಷೇರುಗಳದ್ದು ಇದರ ತಿರುಗುಮುರುಗು. ಜಿಯೊ ಫೈನಾನ್ಶಿಯಲ್ 2023ರ ಆಗಸ್ಟ್ 21ರಂದು ಬಂದಾಗ, ಸೂಚ್ಯಂಕ ಫಂಡ್‌ಗಳು ರಿಲಯನ್ಸ್ ಜೊತೆಗೆ ತಾನಾಗಿ ಸಿಕ್ಕಿದ ಷೇರನ್ನು ಮಾರಲೇಬೇಕಾಗಿತ್ತು. ಷೇರು ದಿನದಿನವೂ ಶೇ 5ರಂತೆ ಲೋವರ್ ಸರ್ಕ್ಯೂಟ್ ಮುಟ್ಟಿತು. ಆ ವಾರದ ಇಳಿಕೆ ಕಂಪನಿಯ ಬಗ್ಗೆ ಯಾರ ಅಭಿಪ್ರಾಯವನ್ನೂ ಹೇಳುತ್ತಿರಲಿಲ್ಲ.

ಲಾಕ್‌ಇನ್ ಮತ್ತು ಗೆರೆಯ ಆಯಸ್ಸು

ಮೊದಲ ವಾರ ಕೈಬದಲಾಗುವುದು ಮಾರಲು ಅನುಮತಿ ಇರುವ ಷೇರುಗಳಷ್ಟೇ. ಉಳಿದವು ಬೀಗದಲ್ಲಿರುತ್ತವೆ. 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮದಂತೆ ಆ್ಯಂಕರ್ ಹೂಡಿಕೆದಾರರ ಅರ್ಧ ಷೇರು ಹಂಚಿಕೆಯಾದ 30 ದಿನಗಳಿಗೆ, ಉಳಿದರ್ಧ 90 ದಿನಗಳಿಗೆ ಬಿಡುಗಡೆಯಾಗುತ್ತದೆ. ಐಪಿಒಗೆ ಮೊದಲೇ ಷೇರು ಹೊಂದಿದ್ದ, ಪ್ರವರ್ತಕರಲ್ಲದವರ ಬೀಗ ಸಾಮಾನ್ಯವಾಗಿ ಆರು ತಿಂಗಳಿಗೆ ತೆರೆಯುತ್ತದೆ. ಈ ಹಳೆಯ ಷೇರುದಾರರ ಖರೀದಿ ಬೆಲೆ ಸಾಮಾನ್ಯವಾಗಿ ಮೊದಲ ವಾರದ ಗೆರೆಗಳ ನಡುವೆ ಇರುವುದಿಲ್ಲ, ಬಹಳ ಕೆಳಗೆ ಇರುತ್ತದೆ. ಅವರಿಗೆ ಆ ಗೆರೆಗಳ ಹಂಗಿಲ್ಲ.

ಜೊಮಾಟೊ ಇದಕ್ಕೆ ಒಳ್ಳೆಯ ಸಾಕ್ಷಿ. 76 ರೂಪಾಯಿಯ ಷೇರು ಎನ್‌ಎಸ್‌ಇಯಲ್ಲಿ 116ಕ್ಕೆ ತೆರೆದು, ಮೊದಲ ದಿನ 138.90ರವರೆಗೆ ಹೋಗಿತ್ತು. ದಿನದ ಕನಿಷ್ಠ 115ರ ಆಸುಪಾಸು. ಆ 115 ಸುಮಾರು ಆರು ತಿಂಗಳು ತಡೆಯಿತು. ನವೆಂಬರಿನಲ್ಲಿ 169 ಮುಟ್ಟಿ ಬಂದ ಮೇಲೆಯೂ ತಡೆಯಿತು. 2022ರ ಜನವರಿಯಲ್ಲಿ ಜಗತ್ತಿನಾದ್ಯಂತ ತಂತ್ರಜ್ಞಾನ ಷೇರುಗಳು ಬೀಳತೊಡಗಿದಾಗ ಅದು ಒಡೆಯಿತು, ಜನವರಿ 24ರ ಒಂದೇ ದಿನ ಷೇರು ಶೇ 20ರಷ್ಟು ಕುಸಿಯಿತು. ಗೆರೆ ಅಲ್ಲಿಗೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಅದೇ ವರ್ಷದ ಜುಲೈನಲ್ಲಿ, ಹಳೆಯ ನಿಯಮದಂತೆ ಇದ್ದ ಒಂದು ವರ್ಷದ ಲಾಕ್‌ಇನ್ ಮುಗಿದು ಕಂಪನಿಯ ಮುಕ್ಕಾಲಿಗೂ ಹೆಚ್ಚು ಷೇರು ಮಾರಾಟಕ್ಕೆ ಮುಕ್ತವಾದಾಗ, 25ರಂದು ಬೆಲೆ ಮತ್ತೆ ಶೇ 11ಕ್ಕೂ ಹೆಚ್ಚು ಇಳಿಯಿತು. ಆ ಹೊತ್ತಿಗೆ ಮೊದಲ ವಾರ ಕೊಂಡವರು ಕಂಪನಿಯ ಒಡೆತನದಲ್ಲಿ ಸಣ್ಣ ಪಾಲು, ಅವರ ಗೆರೆಗೂ ಅಷ್ಟೇ ತೂಕ. ಹಾಗಾಗಿ ಗೆರೆ ಎಳೆಯುವಾಗಲೇ ಲಾಕ್‌ಇನ್ ಮುಗಿಯುವ ತಾರೀಖುಗಳನ್ನು ಚಾರ್ಟಿನ ಮೇಲೆ ಗುರುತು ಹಾಕಿಕೊಳ್ಳುವುದು ಬುದ್ಧಿವಂತಿಕೆ. ಅವು ಕಂಪನಿಯ ಪ್ರಾಸ್ಪೆಕ್ಟಸ್‌ನಲ್ಲಿ ಸಿಗುತ್ತವೆ.

ತಪ್ಪುಗಳು

ವಹಿವಾಟಿನ ಪ್ರಮಾಣವನ್ನು ಹೋಲಿಸುವಲ್ಲಿ ಅನುಭವಿಗಳೂ ಎಡವುತ್ತಾರೆ. ಗೆರೆ ಒಡೆಯುವ ದಿನ ವಹಿವಾಟು ಎಂದಿಗಿಂತ ಹೆಚ್ಚಿರಬೇಕು ಎಂಬುದು ಹಳೆಯ ಷೇರುಗಳ ಪಾಠ. ಹೊಸ ಷೇರಿನಲ್ಲಿ ಮೊದಲ ದಿನದ ವಹಿವಾಟು ಎಷ್ಟು ದೈತ್ಯವಾಗಿರುತ್ತದೆಂದರೆ ಮುಂದಿನ ಯಾವ ದಿನವೂ ಅದರ ಮುಂದೆ ಸಣ್ಣದೇ. ಸರಾಸರಿಗೆ ಅದನ್ನು ಸೇರಿಸಿದರೆ ಒಳ್ಳೆಯ ಏರಿಕೆಯೂ ಸಪ್ಪೆಯಾಗಿ ಕಾಣುತ್ತದೆ. ಮೊದಲ ವಾರವನ್ನು ಬಿಟ್ಟು, ಎರಡನೇ ವಾರದಿಂದಾಚೆಗಿನ ದಿನಗಳ ಜೊತೆ ಹೋಲಿಸಬೇಕು.

ದಿನದ ನಡುವೆ ಗೆರೆ ದಾಟಿದ್ದನ್ನು ಒಡೆತ ಎಂದು ತಿಳಿಯುವುದು ಇನ್ನೊಂದು. ಈ ಗೆರೆಗಳು ಎಲ್ಲರ ಕಣ್ಣಿಗೂ ಬಿದ್ದಿರುತ್ತವೆ, ಅವುಗಳ ಆಚೆಈಚೆ ಸ್ಟಾಪ್‌ಲಾಸ್ ಆರ್ಡರುಗಳು ಗುಂಪಾಗಿರುತ್ತವೆ. ಬೆಲೆ ಒಂದೆರಡು ರೂಪಾಯಿ ದಾಟಿ ಅವನ್ನು ಎಬ್ಬಿಸಿ ಹಿಂತಿರುಗುವುದು ಸಾಮಾನ್ಯ. ದಿನದ ಮುಕ್ತಾಯವನ್ನು ಕಾಯುವುದು, ಮುಕ್ತಾಯವಾದ ಮರುದಿನವೂ ಬೆಲೆ ಒಳಗೆ ಮರಳದಿರುವುದನ್ನು ನೋಡುವುದು ಇದಕ್ಕೆ ತಕ್ಕಮಟ್ಟಿನ ಮದ್ದು. ಒಂದೆರಡು ರೂಪಾಯಿ ಹೆಚ್ಚು ಕೊಡಬೇಕಾಗುತ್ತದೆ, ಕೊಡಬಹುದು.

ಬೋನಸ್ ಅಥವಾ ಷೇರು ವಿಭಜನೆ ಆದಾಗ ಕೈಯಲ್ಲಿ ಬರೆದಿಟ್ಟ ಗೆರೆ ತಾನಾಗಿ ಬದಲಾಗುವುದಿಲ್ಲ. ನೈಕಾ 2021ರ ನವೆಂಬರಿನಲ್ಲಿ 2,018 ರೂಪಾಯಿಗೆ ಲಿಸ್ಟ್ ಆಯಿತು. ಮರುವರ್ಷ ಒಂದು ಷೇರಿಗೆ ಐದು ಬೋನಸ್ ಕೊಟ್ಟಿತು. ಒಂದು ಷೇರು ಆರಾಯಿತು, ಹಳೆಯ ಬೆಲೆಗಳನ್ನೆಲ್ಲ ಆರರಿಂದ ಭಾಗಿಸಬೇಕು. 2,018 ಈಗ ಸುಮಾರು 336, 1,125ರ ಐಪಿಒ ಬೆಲೆ 187.50. ಚಾರ್ಟ್ ತಂತ್ರಾಂಶಗಳು ಇದನ್ನು ತಾವೇ ಸರಿಪಡಿಸುತ್ತವೆ, ನೋಟ್‌ಬುಕ್ ಸರಿಪಡಿಸುವುದಿಲ್ಲ.

ಕೆಲವು ಸಲ ಮೊದಲ ದಿನದ ಗರಿಷ್ಠವೇ ವರ್ಷಗಟ್ಟಲೆ ಷೇರಿನ ಶಿಖರವಾಗಿ ಉಳಿಯುತ್ತದೆ. ಟಾಟಾ ಟೆಕ್ನಾಲಜೀಸ್ 500 ರೂಪಾಯಿಗೆ ಹಂಚಿಕೆಯಾಗಿ, 2023ರ ನವೆಂಬರ್ 30ರಂದು 1,200ಕ್ಕೆ ತೆರೆದು, ಅದೇ ದಿನ 1,400 ಮುಟ್ಟಿತು. ಆಮೇಲಿನ ಎರಡು ವರ್ಷಗಳಲ್ಲಿ ಆ ಬೆಲೆ ಮತ್ತೆ ಕಾಣಲಿಲ್ಲ. ಮೇಲಿನ ಗೆರೆ ದಾಟಲಿ ಎಂದು ಕಾದವನು ಒಂದು ರೂಪಾಯಿಯನ್ನೂ ಕಳೆದುಕೊಳ್ಳಲಿಲ್ಲ. ಈ ಪದ್ಧತಿಯ ದೊಡ್ಡ ಲಾಭ ಇಂಥ ಕಡೆಯೇ ಇದೆ, ಅದು ಲಾಭದ ಪಟ್ಟಿಯಲ್ಲಿ ಎಲ್ಲೂ ಕಾಣಿಸುವುದಿಲ್ಲ.

ಮೊದಲ ವಾರದ ಗೆರೆ ತಾತ್ಕಾಲಿಕ ಊರುಗೋಲು. ಷೇರಿಗೆ ಒಂದು ವರ್ಷ ತುಂಬಿ, ನಾಲ್ಕು ತ್ರೈಮಾಸಿಕ ಫಲಿತಾಂಶಗಳು ಬಂದು, ಬೆಲೆ ತಾನೇ ಹಲವು ಕಡೆ ನಿಂತು ತಿರುಗಿದ ಮೇಲೆ ಬೇರೆ ಆಧಾರಗಳು ಹುಟ್ಟಿರುತ್ತವೆ. ಆಗ ಹಳೆಯ ಗೆರೆಯನ್ನು ಅಳಿಸಿಬಿಡುವವರೇ ಹೆಚ್ಚು. ಕೆಲವರು ಮೇಲಿನದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಎಲ್‌ಐಸಿಯ ಷೇರು 530ರಿಂದ ಎದ್ದು 2024ರ ಜನವರಿ ಮಧ್ಯದಲ್ಲಿ 900 ದಾಟಿ, ಇಪ್ಪತ್ತು ತಿಂಗಳ ಹಿಂದಿನ 920ರ ಬಾಗಿಲಿಗೆ ಬಂದು ನಿಂತಿತು. ಜನವರಿ ಮುಗಿಯುವ ಹೊತ್ತಿಗೆ ಅದನ್ನು ದಾಟಿತು, ಫೆಬ್ರವರಿ ಮೊದಲ ವಾರದಲ್ಲಿ 1,000 ಮುಟ್ಟಿತು.